ಚಾರ್ಟ್ ಹೇಳುವುದು ಸಾಧ್ಯತೆಯನ್ನು, ಭವಿಷ್ಯವನ್ನಲ್ಲ

ಹೋದ ತಿಂಗಳು ನಮ್ಮ ಕಾಲೇಜಿನ ವಾಣಿಜ್ಯ ವೇದಿಕೆಯಲ್ಲಿ ಹತ್ತು ನಿಮಿಷ ಮಾತನಾಡುವ ಅವಕಾಶ ನನಗೆ ಸಿಕ್ಕಿತ್ತು. ವಿಷಯವನ್ನು ನಾನೇ ಆರಿಸಿಕೊಂಡಿದ್ದೆ: ಷೇರು ಮಾರುಕಟ್ಟೆಯ ಚಾರ್ಟ್ ನೋಡಿ ನಾಳೆಯ ಬೆಲೆ ಹೇಳಲು ಆಗುತ್ತದೆಯೇ? ಅಂದು ಸಮಯ ಸಾಲಲಿಲ್ಲ. ಮಾತನ್ನು ಬರೆದು ಕೊಡು ಎಂದು ನಮ್ಮ ಸಂಖ್ಯಾಶಾಸ್ತ್ರದ ಮೇಡಂ ಹೇಳಿದ್ದರಿಂದ ಈ ಲೇಖನ.

ಈ ವಿಷಯ ನನ್ನ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ, ನನ್ನ ಖಾಲಾ ಮಗನಿಂದ. ನಾನು ಅವರನ್ನು ಭಾಯಿ ಎಂದೇ ಕರೆಯುತ್ತೇನೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಬೈಕ್ ಕೊಳ್ಳಲೆಂದು ಅವರು 42,000 ರೂಪಾಯಿ ಕೂಡಿಟ್ಟಿದ್ದರು. ಯೂಟ್ಯೂಬ್ ನೋಡಿ ಚಾರ್ಟ್ ಓದುವುದನ್ನು ಕಲಿತರು, ಆಪ್ಷನ್ಸ್ ವ್ಯಾಪಾರಕ್ಕೆ ಇಳಿದರು. ನಾಲ್ಕು ತಿಂಗಳ ನಂತರ ಉಳಿದದ್ದು 9,300 ರೂಪಾಯಿ. ನನಗೆ ಆಶ್ಚರ್ಯವಾದದ್ದು ಅವರು ಹಣ ಕಳೆದುಕೊಂಡದ್ದಕ್ಕಲ್ಲ. ಅವರು ಪ್ರತಿಯೊಂದು ವ್ಯವಹಾರವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ಅದನ್ನು ಎಣಿಸಿದಾಗ, ಹತ್ತರಲ್ಲಿ ಆರು ಸಲಕ್ಕಿಂತ ಹೆಚ್ಚು ಅವರ ಊಹೆ ಸರಿಯಾಗಿಯೇ ಇತ್ತು. ಸರಿಯಾಗಿದ್ದವರಿಗೆ ನಷ್ಟ ಹೇಗಾಯಿತು? ಆ ಲೆಕ್ಕಕ್ಕೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ಚಾರ್ಟ್ ಎಂದರೆ ಏನೆಂದು ನೋಡೋಣ.

ಚಾರ್ಟ್‌ನಲ್ಲಿ ಇರುವುದೇನು?

ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ ಹಸಿರು, ಕೆಂಪು ಕಡ್ಡಿಗಳಿಗೆ ಕ್ಯಾಂಡಲ್ ಎನ್ನುತ್ತಾರೆ. ದಿನದ ಚಾರ್ಟ್ ಆದರೆ ಒಂದು ಕ್ಯಾಂಡಲ್‌ನಲ್ಲಿ ಒಂದು ದಿನದ ನಾಲ್ಕು ಬೆಲೆಗಳಿರುತ್ತವೆ: ವ್ಯಾಪಾರ ಶುರುವಾದಾಗಿನ ಬೆಲೆ, ಆ ದಿನದ ಗರಿಷ್ಠ ಬೆಲೆ, ಕನಿಷ್ಠ ಬೆಲೆ ಮತ್ತು ಮುಗಿದಾಗಿನ ಬೆಲೆ. ಶುರುವಾದದ್ದಕ್ಕಿಂತ ಮೇಲೆ ಮುಗಿದರೆ ಸಾಮಾನ್ಯವಾಗಿ ಹಸಿರು, ಕೆಳಗೆ ಮುಗಿದರೆ ಕೆಂಪು. ಅಷ್ಟೇ. ಅಂದರೆ ಚಾರ್ಟ್ ಎನ್ನುವುದು ಆಗಿಹೋದ ವ್ಯಾಪಾರದ ದಾಖಲೆ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಲೆಡ್ಜರ್. ಅದರಲ್ಲಿ ನಾಳೆಯ ಎಂಟ್ರಿ ಇರುವುದಿಲ್ಲ.

ಆದರೆ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಗೆರೆ ಏರುತ್ತಾ ಇದ್ದರೆ ಅದು ಇನ್ನೂ ಏರುತ್ತದೆ ಎಂದೇ ನಮಗೆ ಅನ್ನಿಸುತ್ತದೆ. ಇದನ್ನು ಪರೀಕ್ಷಿಸಲು ನಾನು ಒಂದು ಆಟ ಆಡಿದೆ.

ನಾಣ್ಯದ ಕಂಪನಿ

ಐದು ರೂಪಾಯಿಯ ನಾಣ್ಯ ತೆಗೆದುಕೊಂಡೆ. ಷೇರಿನ ಬೆಲೆ 100 ರೂಪಾಯಿ ಎಂದು ಇಟ್ಟುಕೊಂಡೆ. ಹೆಡ್ ಬಿದ್ದರೆ ಒಂದು ರೂಪಾಯಿ ಹೆಚ್ಚು, ಟೇಲ್ ಬಿದ್ದರೆ ಒಂದು ರೂಪಾಯಿ ಕಡಿಮೆ. ಅರವತ್ತು ಸಲ ಚಿಮ್ಮಿ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದೆ. ಬೆಲೆ 93ಕ್ಕೆ ಇಳಿಯಿತು, 97ಕ್ಕೆ ಏರಿತು, ಮತ್ತೆ 93ಕ್ಕೆ ಇಳಿಯಿತು, ಅಲ್ಲಿಂದ ಏರುತ್ತಾ 97ನ್ನು ದಾಟಿ 98ರಲ್ಲಿ ನಿಂತಿತು. ಚಾರ್ಟ್ ಬಲ್ಲವರು ಇದಕ್ಕೆ ‘ಡಬಲ್ ಬಾಟಮ್’ ಎನ್ನುತ್ತಾರೆ. ಇಂಗ್ಲಿಷ್ ಅಕ್ಷರ W ಇದ್ದ ಹಾಗೆ ಇರುತ್ತದೆ. ನಡುವಿನ ಶಿಖರವನ್ನು ದಾಟಿದರೆ ಬೆಲೆ ಏರುತ್ತದೆ ಎಂಬುದು ಪಾಠ.

ನಾಣ್ಯದ ವಿಷಯ ಹೇಳದೆ ಇದನ್ನು ತರಗತಿಯಲ್ಲಿ ತೋರಿಸಿದೆ. ಚಾರ್ಟ್ ಬಗ್ಗೆ ಸ್ವಲ್ಪ ತಿಳಿದಿದ್ದ ಮೂವರೂ “ತಗೋಬೇಕು, ಇದು ಏರುತ್ತೆ” ಎಂದರು. ಒಬ್ಬ ಕಂಪನಿಯ ಹೆಸರು ಕೇಳಿದ. ಅವರ ಮುಂದೆಯೇ ಇನ್ನೂ ಇಪ್ಪತ್ತು ಸಲ ನಾಣ್ಯ ಚಿಮ್ಮಿದೆ. ಎಂಟು ಹೆಡ್, ಹನ್ನೆರಡು ಟೇಲ್ ಬಿತ್ತು; ಬೆಲೆ 94ಕ್ಕೆ ಬಂತು.

ಇದು ನನ್ನ ಸ್ವಂತ ಯೋಚನೆಯೇನಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಬರ್ಟನ್ ಮಾಲ್ಕಿಯಲ್ ತಮ್ಮ ವಿದ್ಯಾರ್ಥಿಗಳಿಂದ ಹೀಗೆಯೇ ನಾಣ್ಯದ ಚಾರ್ಟ್ ಬರೆಸಿ, ಚಾರ್ಟ್ ಓದುವ ಗೆಳೆಯರೊಬ್ಬರಿಗೆ ತೋರಿಸಿದ್ದರಂತೆ. ಆ ಗೆಳೆಯರೂ ಕೂಡಲೇ ಕೊಳ್ಳಬೇಕು ಎಂದೇ ಹೇಳಿದ್ದರು.

ಈ ಆಟದಿಂದ ತಿಳಿಯುವುದು ಒಂದೇ ಮಾತು. ಹಿಂದೆ ಯಾವ ಕಾರಣವೂ ಇಲ್ಲದ ಕಡೆಯೂ ನಮ್ಮ ಕಣ್ಣು ಆಕಾರ ಹುಡುಕಿಕೊಳ್ಳುತ್ತದೆ. ಆದ್ದರಿಂದ “ಚಾರ್ಟ್‌ನಲ್ಲಿ W ಕಾಣುತ್ತಿದೆ” ಎನ್ನುವುದು ಸಾಕ್ಷಿಯಲ್ಲ. ಸಾಕ್ಷಿ ಬೇಕಾದರೆ ಎಣಿಸಬೇಕು.

ಹಾಗಾದರೆ ಚಾರ್ಟ್ ಪೂರ್ತಿ ಸುಳ್ಳೇ?

ಹಾಗೂ ಹೇಳಲಾಗದು. ಷೇರನ್ನು ಕೊಳ್ಳುವುದು ನಾಣ್ಯವಲ್ಲ, ಮನುಷ್ಯರು. ಮನುಷ್ಯರಿಗೆ ನೆನಪಿದೆ. ಒಬ್ಬರು ಒಂದು ಷೇರನ್ನು 500ಕ್ಕೆ ಕೊಂಡರು, ಅದು 400ಕ್ಕೆ ಇಳಿಯಿತು ಎಂದುಕೊಳ್ಳಿ. ಮತ್ತೆ 500ಕ್ಕೆ ಬಂದಾಗ “ಅಸಲು ಬಂತಲ್ಲ, ಸಾಕು” ಎಂದು ಮಾರುವವರು ಇರುತ್ತಾರೆ. ಹಾಗೆ ಬಹಳ ಮಂದಿ ಮಾರಿದರೆ ಬೆಲೆ 500ರ ಹತ್ತಿರ ತಡೆಯುತ್ತದೆ. ಇದನ್ನೇ ರೆಸಿಸ್ಟೆನ್ಸ್ ಎನ್ನುತ್ತಾರೆ. ಮಾರುವವರೆಲ್ಲ ಮಾರಿ ಮುಗಿದ ಮೇಲೆ ಬೆಲೆ ಅದನ್ನು ದಾಟಿದರೆ ಅದು ಬ್ರೇಕೌಟ್. ಹೀಗೆ ಕೆಲವು ಆಕಾರಗಳ ಹಿಂದೆ ಮನುಷ್ಯರ ನಡವಳಿಕೆ ಇರಬಹುದು. ಆದರೆ ಅದು ಒಂದು ಒಲವು ಮಾತ್ರ, ನಿಯಮವಲ್ಲ. 500ಕ್ಕೆ ಮಾರುವವರು ಎಷ್ಟು ಮಂದಿ ಉಳಿದಿದ್ದಾರೆ, ನಾಳೆ ಯಾವ ಸುದ್ದಿ ಬರುತ್ತದೆ, ಇವೆರಡೂ ಚಾರ್ಟ್‌ನಲ್ಲಿ ಇಲ್ಲ.

ಒಲವು ಎಂದರೆ ಏನೆಂದು ನಮ್ಮೂರ 8.10ರ ಬಸ್ಸಿನಿಂದ ಹೇಳುತ್ತೇನೆ. ಕಳೆದ ಇಪ್ಪತ್ತು ದಿನ ನಾನು ಬರೆದಿಟ್ಟಿದ್ದೇನೆ: ಹದಿನಾಲ್ಕು ದಿನ ಹೊತ್ತಿಗೆ ಸರಿಯಾಗಿ ಬಂದಿದೆ, ಆರು ದಿನ ತಡವಾಗಿದೆ. ನೂರಕ್ಕೆ ಎಪ್ಪತ್ತು. ಇದರಿಂದ ನಾಳೆ ಬಸ್ ಹೊತ್ತಿಗೆ ಬರುತ್ತದೆಯೇ ಎಂದು ಗೊತ್ತಾಗುವುದಿಲ್ಲ. ನಾಳೆ ಬಸ್ ನೂರಕ್ಕೆ ಎಪ್ಪತ್ತು ಭಾಗ ಬರುವುದಿಲ್ಲ. ಒಂದೋ ಬರುತ್ತದೆ, ಇಲ್ಲವೇ ಇಲ್ಲ. ಎಪ್ಪತ್ತು ಎನ್ನುವುದು ಅನೇಕ ದಿನಗಳ ಗುಂಪಿನ ಬಗ್ಗೆ ಹೇಳಿದ ಮಾತು, ಒಂದು ದಿನದ ಬಗ್ಗೆ ಅಲ್ಲ. ಆದರೂ ಅದು ಉಪಯೋಗಕ್ಕೆ ಬರುತ್ತದೆ. ಮಾಮೂಲಿ ದಿನ ನಾನು 8.10ರ ಬಸ್ಸಿಗೇ ನಿಲ್ಲುತ್ತೇನೆ. ಪರೀಕ್ಷೆಯ ದಿನ 7.30ರ ಬಸ್ಸಿಗೆ ಹೋಗುತ್ತೇನೆ. ಸಾಧ್ಯತೆ ಎರಡೂ ದಿನ ಅದೇ ಎಪ್ಪತ್ತು. ಬದಲಾದದ್ದು ತಪ್ಪಾದರೆ ಆಗುವ ನಷ್ಟ. ಈ ಮಾತನ್ನು ದಯವಿಟ್ಟು ನೆನಪಿಡಿ, ಭಾಯಿಯ ನೋಟ್‌ಬುಕ್‌ಗೆ ಇದು ಬೇಕಾಗುತ್ತದೆ.

ಚಾರ್ಟ್‌ಗೂ ಹೀಗೆಯೇ ಎಣಿಸಬೇಕು. ಮೊದಲು ನಿಯಮ ಬರೆಯಬೇಕು, ಆಮೇಲೆ ಚಾರ್ಟ್ ತೆರೆಯಬೇಕು. ಉದಾಹರಣೆಗೆ: “ಹಿಂದಿನ ಇಪ್ಪತ್ತು ದಿನಗಳ ಗರಿಷ್ಠ ಬೆಲೆಯನ್ನು ದಾಟಿ ಮುಗಿದ ದಿನ ಕೊಂಡರೆ, ಹತ್ತು ದಿನಗಳ ನಂತರ ಬೆಲೆ ಮೇಲಿರುತ್ತದೆಯೇ?” ಹಳೆಯ ಚಾರ್ಟ್‌ನಲ್ಲಿ ಅಂಥ ಎಲ್ಲ ದಿನಗಳನ್ನೂ ಎಣಿಸಬೇಕು, ಚೆನ್ನಾಗಿ ಕಂಡವನ್ನು ಮಾತ್ರವಲ್ಲ. ನೂರರಲ್ಲಿ ಅರವತ್ತು ಸಲ ಸರಿ ಬಂತು ಎಂದುಕೊಳ್ಳಿ. ಇಷ್ಟಕ್ಕೇ ಸಂತೋಷಪಡುವಂತಿಲ್ಲ. ಯಾವ ಆಕಾರವನ್ನೂ ನೋಡದೆ ಸುಮ್ಮನೆ ಯಾವುದೋ ಒಂದು ದಿನ ಕೊಂಡಿದ್ದರೂ ಆ ಷೇರು ಹತ್ತು ದಿನಗಳಲ್ಲಿ ನೂರಕ್ಕೆ ಐವತ್ತೇಳು ಸಲ ಏರುತ್ತಿತ್ತು ಎಂದಾದರೆ, ಚಾರ್ಟ್ ಕೊಟ್ಟದ್ದು ಅರವತ್ತಲ್ಲ, ಬರೀ ಮೂರು.

2024ರ ಜೂನ್ ತಿಂಗಳ ಒಂದು ವಾರ

ಒಳ್ಳೆಯ ಬ್ರೇಕೌಟ್ ಕೂಡ ಏನೆಲ್ಲ ಆಗಬಹುದು ಎನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನ 50 ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ. 2024ರ ಮೇ 27ರಂದು ಅದು 23,110 ಅಂಶಗಳನ್ನು ಮುಟ್ಟಿ ದಾಖಲೆ ಬರೆದು, ಮತ್ತೆ ಇಳಿದಿತ್ತು. ಜೂನ್ 1ರ ಶನಿವಾರ ಸಂಜೆ ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್‌ಗಳು ಬಂದವು. ಸೋಮವಾರ, ಜೂನ್ 3ರಂದು ನಿಫ್ಟಿ ಒಂದೇ ದಿನ 733 ಅಂಶ ಏರಿ 23,263ರಲ್ಲಿ ಮುಗಿಯಿತು. ಹಳೆಯ ದಾಖಲೆಯನ್ನು ದಾಟಿ, ಅದರ ಮೇಲೆಯೇ ಮುಗಿದದ್ದು. ಚಾರ್ಟ್ ಪುಸ್ತಕದ ಪ್ರಕಾರ ಅದಕ್ಕಿಂತ ಸ್ಪಷ್ಟವಾದ ಬ್ರೇಕೌಟ್ ಬೇಕಿರಲಿಲ್ಲ.

ಮರುದಿನ ಫಲಿತಾಂಶ ಬಂತು. ಎಕ್ಸಿಟ್ ಪೋಲ್‌ಗಳು ಹೇಳಿದ ಹಾಗೆ ಆಗಲಿಲ್ಲ. ನಿಫ್ಟಿ ಆ ದಿನ ನೂರಕ್ಕೆ ಸುಮಾರು ಆರರಷ್ಟು, ಅಂದರೆ 1,379 ಅಂಶ ಕುಸಿದು 21,884ರಲ್ಲಿ ಮುಗಿಯಿತು. ದಿನದ ನಡುವೆ 21,281ರವರೆಗೂ ಇಳಿದಿತ್ತು.

“ನೋಡಿ, ಚಾರ್ಟ್ ಸುಳ್ಳು ಹೇಳಿತು” ಎನ್ನಬಹುದೇ? ಸ್ವಲ್ಪ ತಡೆಯಿರಿ. ಜೂನ್ 7ರ ಶುಕ್ರವಾರ ಅದೇ ನಿಫ್ಟಿ 23,290ರಲ್ಲಿ ಮುಗಿಯಿತು. ಸೋಮವಾರಕ್ಕಿಂತಲೂ ಮೇಲೆ! ಸೋಮವಾರ ಸಂಜೆಯ ಬೆಲೆಗೆ ಸ್ವಂತ ಹಣದಲ್ಲಿ ಕೊಂಡು ಸುಮ್ಮನಿದ್ದವರಿಗೆ ಶುಕ್ರವಾರ ನಷ್ಟವಿರಲಿಲ್ಲ. ಆದರೆ ಸ್ವಲ್ಪ ಹಣ ಕಟ್ಟಿ ದೊಡ್ಡ ಮೊತ್ತದ ವ್ಯವಹಾರ ಮಾಡುವ ಫ್ಯೂಚರ್ಸ್‌ನಲ್ಲಿ ಏರುತ್ತದೆಂದು ಹಣ ಹಾಕಿದವರಿಗೆ ಶುಕ್ರವಾರದವರೆಗೆ ಕಾಯುವ ಶಕ್ತಿ ಇರಬೇಕಲ್ಲ? ಮಂಗಳವಾರವೇ ಬ್ರೋಕರ್ ಹೆಚ್ಚಿನ ಹಣ ಕೇಳುತ್ತಾನೆ, ಕೊಡದಿದ್ದರೆ ವ್ಯವಹಾರವನ್ನು ಮುಗಿಸಿಬಿಡುತ್ತಾನೆ. ಒಂದೇ ಚಾರ್ಟ್, ಒಂದೇ ವಾರ. ಒಬ್ಬರಿಗೆ ಅದು ಸರಿ, ಇನ್ನೊಬ್ಬರಿಗೆ ತಪ್ಪು. ಆದ್ದರಿಂದ ಏರುತ್ತದೆಯೋ ಇಳಿಯುತ್ತದೆಯೋ ಎಂದು ತಿಳಿದರೆ ಸಾಲದು. ತಪ್ಪಾದ ದಿನ ನನ್ನ ಕೈಯಲ್ಲಿ ಏನು ಉಳಿಯುತ್ತದೆ ಎಂದೂ ಕೇಳಬೇಕು.

ಭಾಯಿಯ ನೋಟ್‌ಬುಕ್

ಈಗ ನೋಟ್‌ಬುಕ್‌ಗೆ ಬರೋಣ. ಅದರಲ್ಲಿ 50 ವ್ಯವಹಾರಗಳಿದ್ದವು. 31 ಲಾಭ, 19 ನಷ್ಟ. ನೂರಕ್ಕೆ 62 ಸರಿ. ಪರೀಕ್ಷೆಯಾಗಿದ್ದರೆ ಫಸ್ಟ್ ಕ್ಲಾಸ್.

ಲಾಭದ ವ್ಯವಹಾರಗಳಲ್ಲಿ ಸರಾಸರಿ 900 ರೂಪಾಯಿ ಬಂದಿತ್ತು. 31ರಿಂದ ಗುಣಿಸಿದರೆ 27,900. ನಷ್ಟದ ವ್ಯವಹಾರಗಳಲ್ಲಿ ಸರಾಸರಿ 2,900 ರೂಪಾಯಿ ಹೋಗಿತ್ತು. 19ರಿಂದ ಗುಣಿಸಿದರೆ 55,100. ವ್ಯತ್ಯಾಸ 27,200 ನಷ್ಟ. ಇದರ ಮೇಲೆ ಬ್ರೋಕರೇಜ್, ತೆರಿಗೆ ಎಲ್ಲ ಸೇರಿ ಪ್ರತಿ ವ್ಯವಹಾರಕ್ಕೆ ಸುಮಾರು 110 ರೂಪಾಯಿ, ಐವತ್ತಕ್ಕೆ 5,500. ಒಟ್ಟು ನಷ್ಟ 32,700. ಅವರ 42,000ದಲ್ಲಿ 9,300 ಉಳಿದದ್ದು ಹೀಗೆ. ಸಂಖ್ಯಾಶಾಸ್ತ್ರದಲ್ಲಿ ನಾವು ಕಲಿಯುವ ಗಣಿತೀಯ ನಿರೀಕ್ಷೆ ಇದೇ: ಪ್ರತಿಯೊಂದು ಫಲಿತಾಂಶವನ್ನೂ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸುವುದು. ಎಷ್ಟು ಸಲ ಸರಿ ಎನ್ನುವುದು ಈ ಲೆಕ್ಕದ ಅರ್ಧ ಮಾತ್ರ. ಸರಿಯಾದಾಗ ಎಷ್ಟು ಬಂತು, ತಪ್ಪಾದಾಗ ಎಷ್ಟು ಹೋಯಿತು ಎನ್ನುವುದು ಇನ್ನರ್ಧ.

ಲಾಭ 900ಕ್ಕೇ ನಿಂತು, ನಷ್ಟ ಮಾತ್ರ 2,900ಕ್ಕೆ ಬೆಳೆದದ್ದು ಏಕೆ? ನಾನು ಭಾಯಿಯನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಲಾಭ ಕಂಡ ಕೂಡಲೇ ಹೆದರಿಕೆಯಿಂದ ಮಾರಿಬಿಡ್ತಿದ್ದೆ. ನಷ್ಟ ಬಂದಾಗ, ಚಾರ್ಟ್ ಏರುತ್ತೆ ಅಂದಿದೆಯಲ್ಲ, ಇವತ್ತಲ್ಲದಿದ್ದರೆ ನಾಳೆ ಏರೇ ಏರುತ್ತೆ ಅಂತ ಕಾಯ್ತಿದ್ದೆ.”

ಇಡೀ ವಿಷಯ ಈ ಮಾತಿನಲ್ಲಿದೆ. ಚಾರ್ಟ್ ಭವಿಷ್ಯ ಹೇಳುತ್ತದೆ ಎಂದು ನಂಬಿದವರಿಗೆ ತಮ್ಮ ಊಹೆ ತಪ್ಪಾಗಿದೆ ಎಂದು ಒಪ್ಪಿಕೊಳ್ಳಲು ಕಾರಣವೇ ಸಿಗುವುದಿಲ್ಲ. ಭವಿಷ್ಯ ಇನ್ನೂ ಬರಬೇಕಿದೆ ಎಂದು ಅವರು ಕಾಯುತ್ತಲೇ ಇರುತ್ತಾರೆ. ಚಾರ್ಟ್ ಸಾಧ್ಯತೆ ಮಾತ್ರ ಹೇಳುತ್ತದೆ ಎಂದು ತಿಳಿದವರಿಗೆ ಐವತ್ತರಲ್ಲಿ ಹತ್ತೊಂಬತ್ತು ತಪ್ಪು ಬರುವುದು ಮೊದಲೇ ಗೊತ್ತಿರುತ್ತದೆ. ಹತ್ತೊಂಬತ್ತು ಯಾವುವು ಎಂದು ಮಾತ್ರ ಗೊತ್ತಿರುವುದಿಲ್ಲ. ಆದ್ದರಿಂದ ಪ್ರತಿ ಸಲವೂ, ಕೊಳ್ಳುವ ಮೊದಲೇ, “ಇಷ್ಟು ಇಳಿದರೆ ನಾನು ತಪ್ಪು, ಹೊರಗೆ ಬರುತ್ತೇನೆ” ಎಂದು ಬರೆದಿಡುತ್ತಾರೆ. ಇದನ್ನೇ ಸ್ಟಾಪ್‌ಲಾಸ್ ಎನ್ನುವುದು. ಪರೀಕ್ಷೆಯ ದಿನ ಮೊದಲ ಬಸ್ಸಿಗೆ ಹೋಗುವ ಬುದ್ಧಿಯೇ ಇದು.

ಸ್ಟಾಪ್‌ಲಾಸ್ ಹಾಕಿದ್ದರೆ ಭಾಯಿಗೆ ಲಾಭವಾಗುತ್ತಿತ್ತೇ? ಅದನ್ನೂ ಲೆಕ್ಕ ಹಾಕಿ ನೋಡಿದೆ. ಪ್ರತಿ ನಷ್ಟವನ್ನು 1,200ಕ್ಕೆ ನಿಲ್ಲಿಸಿದ್ದರೆ 19 ಸಲಕ್ಕೆ 22,800. ಲಾಭದ 27,900ರಲ್ಲಿ ಇದನ್ನೂ, ಖರ್ಚಿನ 5,500ನ್ನೂ ಕಳೆದರೆ 400 ರೂಪಾಯಿ ನಷ್ಟ. ಬೈಕಿನ ಹಣ ಉಳಿಯುತ್ತಿತ್ತು, ಬೆಳೆಯುತ್ತಿರಲಿಲ್ಲ. ಇನ್ನೊಂದು ಮಾತೂ ಇದೆ. ಮೊದಲು ಇಳಿದು ಆಮೇಲೆ ಏರಿದ ಕೆಲವು ವ್ಯವಹಾರಗಳೂ ಸ್ಟಾಪ್‌ಲಾಸ್‌ನಿಂದ ನಷ್ಟದಲ್ಲೇ ಮುಗಿಯುತ್ತಿದ್ದವು. ಆಗ 31 ಎನ್ನುವ ಸಂಖ್ಯೆ ಕಡಿಮೆಯಾಗುತ್ತಿತ್ತು. ನಷ್ಟ ಚಿಕ್ಕದಾದಷ್ಟೂ ತಪ್ಪುಗಳ ಸಂಖ್ಯೆ ಹೆಚ್ಚುತ್ತದೆ. ಎರಡೂ ಬೇಕು ಎಂದರೆ ಸಿಗುವುದಿಲ್ಲ.

ಆ 62 ಕೂಡ ಎಷ್ಟು ಗಟ್ಟಿ? ದ್ವಿಪದ ವಿತರಣೆಯ ಸೂತ್ರದಲ್ಲಿ n = 50, p = ½ ಎಂದು ಹಾಕಿ ನೋಡಿದೆ. ಬರೀ ನಾಣ್ಯ ಚಿಮ್ಮಿ ನಿರ್ಧರಿಸುವ ನೂರು ಮಂದಿಯಲ್ಲಿ ಸುಮಾರು ಆರು ಮಂದಿಗೆ ಐವತ್ತರಲ್ಲಿ ಮೂವತ್ತೊಂದು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುತ್ತದೆ. ಐವತ್ತು ವ್ಯವಹಾರ ನೋಡಿ ಒಬ್ಬರಿಗೆ ಚಾರ್ಟ್ ಓದಲು ಬರುತ್ತದೆಂದು ಖಚಿತವಾಗಿ ಹೇಳಲಾಗದು.

ಮೂರು ವಾರ ಸತತ ಸರಿ ಹೇಳುವವರು

ಮಾತು ಮುಗಿದ ಮೇಲೆ ಒಬ್ಬ ಗೆಳೆಯ ಮೊಬೈಲ್ ತೋರಿಸಿದ. “ಇವರು ಮೂರು ವಾರದಿಂದ ಒಂದೂ ತಪ್ಪು ಹೇಳಿಲ್ಲ. ಇದಕ್ಕೇನಂತೀಯ?” ಟಿಪ್ಸ್ ಕೊಡುವ ಒಂದು ಗುಂಪಿನಿಂದ ಅವನಿಗೆ ಬಂದಿದ್ದ ಸಂದೇಶಗಳವು.

ಇದನ್ನು ಚಾರ್ಟ್ ನೋಡದೆಯೂ ಮಾಡಬಹುದು. 800 ಮಂದಿಯ ಫೋನ್ ನಂಬರ್ ಇದೆ ಎಂದುಕೊಳ್ಳಿ. ಮೊದಲ ವಾರ 400 ಮಂದಿಗೆ “ಏರುತ್ತದೆ”, ಉಳಿದ 400 ಮಂದಿಗೆ “ಇಳಿಯುತ್ತದೆ” ಎಂದು ಕಳಿಸುವುದು. ಏರಿತು ಎನ್ನಿ. ತಪ್ಪು ಸಂದೇಶ ಹೋದ 400 ಮಂದಿಯನ್ನು ಬಿಟ್ಟುಬಿಡುವುದು. ಉಳಿದವರಲ್ಲಿ ಮತ್ತೆ 200 ಮಂದಿಗೆ ಏರಿಕೆ, 200 ಮಂದಿಗೆ ಇಳಿಕೆ. ಮೂರನೆಯ ವಾರ 100, 100. ಕೊನೆಗೆ ಮೂರು ವಾರವೂ ಸರಿಯಾದ ಸಂದೇಶವನ್ನೇ ಕಂಡ 100 ಮಂದಿ ಉಳಿಯುತ್ತಾರೆ. ನಾಲ್ಕನೆಯ ವಾರ ಅವರ ಹತ್ತಿರ ಫೀಸು ಕೇಳುವುದು. ಆ ನೂರು ಮಂದಿಗೆ ಉಳಿದ 700 ಮಂದಿ ಕಾಣುವುದೇ ಇಲ್ಲ.

ನನ್ನ ಗೆಳೆಯನ ಗುಂಪಿನವರು ಹೀಗೆಯೇ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಆದರೆ ಸರಿಯಾದ ಮೂರು ಸಂದೇಶಗಳಿಂದ ಏನೂ ಸಾಬೀತಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ: ಒಟ್ಟು ಎಷ್ಟು ಸಂದೇಶ ಕಳಿಸಿದಿರಿ, ತಪ್ಪಾದವು ಎಷ್ಟು, ತಪ್ಪಾದಾಗ ಎಷ್ಟು ಹೋಯಿತು? ಇವುಗಳಿಗೆ ಉತ್ತರ ಕೊಡದವರ ಮಾತನ್ನು ಅಲ್ಲಿಗೇ ಬಿಡಬೇಕು. ಸಾಧ್ಯತೆಯನ್ನು ತಿಳಿದವರು ತಮ್ಮ ತಪ್ಪುಗಳನ್ನೂ ಎಣಿಸಿಟ್ಟಿರುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಒಂದು ಅಧ್ಯಯನ ಪ್ರಕಟಿಸಿತು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯಾಪಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟವಾಗಿದೆ; ಖರ್ಚೂ ಸೇರಿ ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಅವರೆಲ್ಲ ಚಾರ್ಟ್ ನೋಡಿಯೇ ಕಳೆದುಕೊಂಡರು ಎಂದು ಇದರ ಅರ್ಥವಲ್ಲ. ಆದರೆ ನಾಳೆ ಏನಾಗುತ್ತದೆ ಎಂದು ಚಾರ್ಟ್‌ನಿಂದ ತಿಳಿಯುವಂತಿದ್ದರೆ, ಎಲ್ಲರ ಮೊಬೈಲ್‌ನಲ್ಲೂ ಅದೇ ಚಾರ್ಟ್ ಇರುವಾಗ, ಈ ಸಂಖ್ಯೆ 93 ಆಗಿರುತ್ತಿರಲಿಲ್ಲ.

ನಮಗಿನ್ನೂ ಹದಿನೆಂಟು ತುಂಬಿಲ್ಲ. ನಮ್ಮದೇ ಟ್ರೇಡಿಂಗ್ ಖಾತೆ ತೆರೆಯಲು ಬರುವುದಿಲ್ಲ. ಈ ಸಮಯದಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಯಾವುದಾದರೂ ಒಂದು ಷೇರಿನ ಹಳೆಯ ಚಾರ್ಟ್ ತೆಗೆದುಕೊಳ್ಳಿ. ಒಂದು ನಿಯಮ ಬರೆಯಿರಿ. ಮುಂದಿನ ದಿನಗಳನ್ನು ಕಾಗದದಿಂದ ಮುಚ್ಚಿ, ಒಂದೊಂದೇ ದಿನ ಸರಿಸುತ್ತಾ ಹೋಗಿ. ಪ್ರತಿ ಸಲವೂ ನಾಲ್ಕು ಕಾಲಂ ತುಂಬಿ: ಕೊಂಡ ಬೆಲೆ, ತಪ್ಪಾದರೆ ಬಿಡುವ ಬೆಲೆ, ಬಿಟ್ಟ ಬೆಲೆ, ಖರ್ಚು. ನೂರು ಸಾಲು ತುಂಬಿದ ಮೇಲೆ ಕೂಡಿಸಿ. ಅದಕ್ಕೆ ಒಂದು ರೂಪಾಯಿಯೂ ಬೇಡ.

ಭಾಯಿ ಈಗ ವ್ಯಾಪಾರ ನಿಲ್ಲಿಸಿ ಮತ್ತೆ ಬೈಕಿಗೆ ಹಣ ಕೂಡಿಸುತ್ತಿದ್ದಾರೆ. ಅವರ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ವೇದಿಕೆಯ ದಿನ ಅದನ್ನು ಎಲ್ಲರಿಗೂ ತೋರಿಸಿ, ಇಷ್ಟೆಲ್ಲ ಲೆಕ್ಕ ವಿವರಿಸಿ ಕೆಳಗಿಳಿದಾಗ, ಕೊನೆಯ ಬೆಂಚಿನಿಂದ ಒಬ್ಬ ಕೈಯೆತ್ತಿ ಕೇಳಿದ: “ಎಲ್ಲ ಸರಿ, ನಾಳೆ ನಿಫ್ಟಿ ಏರುತ್ತಾ, ಇಳಿಯುತ್ತಾ?” ಎಲ್ಲರೂ ನಕ್ಕರು. ನಾನು ಗೊತ್ತಿಲ್ಲ ಎಂದೆ.